ಬಂದು ಮಾಯವಾದ ನೂರು ಷೇರು

ಗದಗದಲ್ಲಿರುವ ನಮ್ಮ ಕಾಕಾ ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಷೇರಿನ ವಿಷಯದಲ್ಲಿ ಅವರು ನನಗೆ ಮೂರು ಸಲ ಫೋನ್ ಮಾಡಿದ್ದಾರೆ. ನಾನು ಮುಂಬೈಯಲ್ಲಿ ಕಂಪನಿಗಳ ಷೇರುದಾರರ ಪಟ್ಟಿ ಇಟ್ಟುಕೊಳ್ಳುವ ರಿಜಿಸ್ಟ್ರಾರ್ ಕಚೇರಿಯೊಂದರಲ್ಲಿ ಕೆಲಸ ಮಾಡುವವನು. ಹಾಗಾಗಿ ಷೇರಿನ ಬಗ್ಗೆ ನನಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ಊರಿನವರಿಗೆ.

ಮೊದಲ ಸಲ ಗಾಬರಿಯಲ್ಲಿ ಮಾಡಿದ್ದರು. ‘ತಮ್ಮಾ, ನಿನ್ನೆ ಐನೂರಾ ಎಂಬತ್ತಿತ್ತು, ಇವತ್ತು ಇನ್ನೂರಾ ತೊಂಬತ್ತಕ್ಕ ಬಂದೈತಿ. ಅರ್ಧಾ ರೊಕ್ಕ ಹೋತಲ್ಲೋ!’ ಅವರ ಬಳಿ ಒಂದು ಕಂಪನಿಯ 200 ಷೇರುಗಳಿದ್ದವು. ಕಂಪನಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತ್ತು. ‘ಏನೂ ಹೋಗಿಲ್ಲ ಕಾಕಾ, ಎರಡು ದಿನ ತಡೀರಿ, ಇನ್ನೂ ಇನ್ನೂರು ಷೇರು ಬರ್ತಾವ’ ಎಂದೆ. ಬಂದವು.

ಎರಡನೆಯದು ಸಂತೋಷದ ಫೋನು. ಒಂದೂವರೆ ವರ್ಷದ ನಂತರ ಅದೇ ಕಂಪನಿಯ ಹೆಸರಿನಲ್ಲಿ ಅವರ ಡಿಮ್ಯಾಟ್ ಖಾತೆಗೆ ನೂರು ಷೇರು ಜಮಾ ಆಗಿದ್ದವು. ‘ಮತ್ತ ಬೋನಸ್ ಬಂತು ನೋಡು’ ಎಂದರು. ಕಚೇರಿಯಲ್ಲಿ ಕೆಲಸದ ಗಡಿಬಿಡಿ. ‘ಚಲೋ ಆತು ಕಾಕಾ’ ಎಂದು ಇಟ್ಟುಬಿಟ್ಟೆ. ಏನು ಬಂದಿದೆ ಎಂದು ಕೇಳಲಿಲ್ಲ. ಆ ತಪ್ಪು ನನ್ನದು.

ಮೂರನೆಯದು ಒಂದು ತಿಂಗಳ ನಂತರ. ‘ತಮ್ಮಾ, ಆ ನೂರು ಷೇರು ಕಾಣವಲ್ವು.’

ಆ ನೂರು ಷೇರುಗಳೇ ಆಗಿರಲಿಲ್ಲ. ಕಂಪನಿ ರೈಟ್ಸ್ ಇಶ್ಯೂ ಮಾಡಿತ್ತು. ಕಾಕಾನ ಖಾತೆಗೆ ಬಂದದ್ದು ಹೊಸ ಷೇರು ಕೊಳ್ಳುವ ಹಕ್ಕು ಮಾತ್ರ. ಅವರು ಅದನ್ನು ಬಳಸಲೂ ಇಲ್ಲ, ಮಾರಲೂ ಇಲ್ಲ. ಅವಧಿ ಮುಗಿಯಿತು, ಹಕ್ಕು ಸತ್ತಿತು. ಅದರ ಜೊತೆಗೆ ಅವರ ಎಂಟು ಸಾವಿರ ರೂಪಾಯಿಯೂ ಹೋಯಿತು. ಹೋದದ್ದು ಎಲ್ಲಿಗೆ ಎಂಬುದು ಈ ಬರಹದ ಮುಖ್ಯ ಪ್ರಶ್ನೆ. ಅದಕ್ಕೆ ಮೊದಲು ಬೋನಸ್ಸಿಗೂ ರೈಟ್ಸಿಗೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ನೋಡಬೇಕು.

ಬೋನಸ್: ಜೇಬು ಬದಲಾಗುತ್ತದೆ, ಹಣವಲ್ಲ

ಕಂಪನಿಯೊಂದರ ಷೇರು ಬಂಡವಾಳ 100 ಕೋಟಿ ರೂಪಾಯಿ, ವರ್ಷಗಳಿಂದ ಉಳಿಸಿಟ್ಟ ಮೀಸಲು ನಿಧಿ 900 ಕೋಟಿ ಎಂದುಕೊಳ್ಳಿ. ಎರಡೂ ಸೇರಿ 1,000 ಕೋಟಿ ಷೇರುದಾರರದ್ದೇ. ಒಂದಕ್ಕೆ ಒಂದು ಬೋನಸ್ ಘೋಷಿಸಿದಾಗ ಕಂಪನಿ ಮಾಡುವುದು ಇಷ್ಟೇ: ಮೀಸಲಿನಿಂದ 100 ಕೋಟಿ ತೆಗೆದು ಬಂಡವಾಳದ ಸಾಲಿಗೆ ಬರೆಯುತ್ತದೆ. ಈಗ ಬಂಡವಾಳ 200 ಕೋಟಿ, ಮೀಸಲು 800 ಕೋಟಿ. ಮೊತ್ತ ಮೊದಲಿನಂತೆಯೇ 1,000 ಕೋಟಿ. ಕಂಪನಿಗೆ ಹೊರಗಿನಿಂದ ಒಂದು ಪೈಸೆಯೂ ಬಂದಿಲ್ಲ, ಕಂಪನಿಯಿಂದ ಒಂದು ಪೈಸೆಯೂ ಹೊರಗೆ ಹೋಗಿಲ್ಲ. ಒಂದು ಯಂತ್ರ ಹೆಚ್ಚಾಗಿಲ್ಲ, ಒಬ್ಬ ಗ್ರಾಹಕ ಹೆಚ್ಚಾಗಿಲ್ಲ. ಅದೇ ಲಾಭವನ್ನು ಈಗ ಎರಡರಷ್ಟು ಷೇರುಗಳಿಗೆ ಹಂಚಬೇಕು. ಹಾಗಾಗಿ ಪ್ರತಿ ಷೇರಿನ ಗಳಿಕೆ ಅರ್ಧವಾಗುತ್ತದೆ, ಬೆಲೆಯೂ ಅರ್ಧವಾಗುತ್ತದೆ.

ಕಾಕಾನ ಲೆಕ್ಕ ನೋಡಿ. ಮೊದಲು 200 ಷೇರು, ತಲಾ ₹580, ಒಟ್ಟು ₹1,16,000. ನಂತರ 400 ಷೇರು, ತಲಾ ₹290, ಒಟ್ಟು ₹1,16,000. ನಾಲ್ಕು ರೊಟ್ಟಿಯನ್ನು ಎಂಟು ಚೂರು ಮಾಡಿದರೆ ಬುಟ್ಟಿಯಲ್ಲಿರುವುದು ನಾಲ್ಕೇ ರೊಟ್ಟಿ.

ದೊಡ್ಡ ಕಂಪನಿಯಲ್ಲೂ ಆಗುವುದು ಇದೇ. ರಿಲಯನ್ಸ್ ಇಂಡಸ್ಟ್ರೀಸ್ 2024ರಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ದಾಖಲೆ ದಿನಾಂಕ ಅಕ್ಟೋಬರ್ 28, ಸೋಮವಾರ. ಅದಕ್ಕೆ ಹಿಂದಿನ ಶುಕ್ರವಾರ ₹2,655ರ ಆಸುಪಾಸಿನಲ್ಲಿ ಮುಗಿದಿದ್ದ ಷೇರು ಸೋಮವಾರ ಬೆಳಿಗ್ಗೆ ಅದರ ಅರ್ಧದ ಮಟ್ಟದಲ್ಲಿ ವಹಿವಾಟು ಶುರು ಮಾಡಿತು. ಯಾರೂ ಬಡವರಾಗಲಿಲ್ಲ, ಯಾರೂ ಶ್ರೀಮಂತರಾಗಲಿಲ್ಲ.

ಹಾಗಾದರೆ ಬೋನಸ್ ಸುದ್ದಿ ಬಂದ ಕೂಡಲೇ ಷೇರು ಏಕೆ ಏರುತ್ತದೆ? ಎರಡು ಕಾರಣಗಳಿವೆ. ಒಂದು, ಬೋನಸ್ ಕೊಡಲು ಮೀಸಲು ಇರಬೇಕು. ಕಂಪನಿ ಕಾಯ್ದೆಯ ಪ್ರಕಾರ ಮುಕ್ತ ಮೀಸಲು, ಷೇರು ಪ್ರೀಮಿಯಂ ಖಾತೆ, ಬಂಡವಾಳ ವಿಮೋಚನಾ ಮೀಸಲು ಇವುಗಳಿಂದ ಮಾತ್ರ ಕೊಡಬಹುದು. ಜಾಗ, ಕಟ್ಟಡಗಳ ಬೆಲೆಯನ್ನು ಪುಸ್ತಕದಲ್ಲಿ ಏರಿಸಿ ಬರೆದುಕೊಂಡ ಮೀಸಲಿನಿಂದ ಕೊಡುವಂತಿಲ್ಲ, ಲಾಭಾಂಶದ ಬದಲಿಗೂ ಕೊಡುವಂತಿಲ್ಲ. ಆದ್ದರಿಂದ ಹೆಚ್ಚಿದ ಷೇರುಗಳಿಗೂ ಮುಂದೆ ಲಾಭಾಂಶ ಕೊಡುವ ಧೈರ್ಯ ಆಡಳಿತ ಮಂಡಳಿಗೆ ಇದೆ ಎಂದು ಮಾರುಕಟ್ಟೆ ಓದಿಕೊಳ್ಳುತ್ತದೆ. ಇನ್ನೊಂದು, ಬೆಲೆ ಇಳಿದಾಗ ಸಣ್ಣ ಹೂಡಿಕೆದಾರರು ಹೆಚ್ಚು ಬರುತ್ತಾರೆ, ವಹಿವಾಟು ಸಲೀಸಾಗುತ್ತದೆ. ಏರಿಕೆ ಈ ನಿರೀಕ್ಷೆಗೆ ಸಿಕ್ಕ ಬೆಲೆ. ಮುಂದಿನ ಲಾಭ ಆ ನಿರೀಕ್ಷೆಯನ್ನು ಉಳಿಸದಿದ್ದರೆ ಏರಿದ್ದು ಇಳಿಯುತ್ತದೆ.

ಬೋನಸ್ಸಿನಲ್ಲಿ ನಷ್ಟ ಮಾಡಿಕೊಳ್ಳುವವರೂ ಇದ್ದಾರೆ. ಬೆಲೆ ಅರ್ಧವಾದದ್ದು ಕಂಡು ಗಾಬರಿಯಿಂದ ಮಾರುವವರು ಒಂದು ಬಗೆ. ದಾಖಲೆ ದಿನಾಂಕದಿಂದ ಹೊಸ ಷೇರು ಖಾತೆಯಲ್ಲಿ ಕಾಣುವವರೆಗೆ ಒಂದೆರಡು ದಿನ ಮೊಬೈಲ್ ಪರದೆ ಅರ್ಧ ಹಣವನ್ನೇ ತೋರಿಸುತ್ತದೆ. ಆಗ ಸುಮ್ಮನಿರುವುದೇ ಸರಿ. ಇನ್ನೊಂದು ಬಗೆ, ಬೋನಸ್ ಆಸೆಗೆ ಹಿಂದಿನ ವಾರ ಕೊಂಡು, ಬೋನಸ್ ಬಂದ ಮೇಲೆ ಹಳೆಯ ಷೇರನ್ನು ಅರ್ಧ ಬೆಲೆಗೆ ಮಾರಿ, ‘ನಷ್ಟ’ ತೋರಿಸಿ ತೆರಿಗೆ ಉಳಿಸಲು ನೋಡುವವರು. ಆ ದಾರಿ ಮುಚ್ಚಿದೆ. ದಾಖಲೆ ದಿನಾಂಕಕ್ಕೆ ಮೊದಲಿನ ಮೂರು ತಿಂಗಳೊಳಗೆ ಕೊಂಡು, ನಂತರದ ಒಂಬತ್ತು ತಿಂಗಳೊಳಗೆ ಬೋನಸ್ ಷೇರು ಇಟ್ಟುಕೊಂಡು ಮೂಲ ಷೇರನ್ನು ಮಾರಿದರೆ ಆ ನಷ್ಟವನ್ನು ತೆರಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಉಳಿದ ಬೋನಸ್ ಷೇರಿನ ಖರೀದಿ ಬೆಲೆಯಾಗುತ್ತದೆ.

ಈ ಎರಡು ತಪ್ಪು ಮಾಡದವರಿಗೆ ಬೋನಸ್ಸಿನಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಮುಖ್ಯವಾಗಿ, ನೀವು ಏನೂ ಮಾಡಬೇಕಾಗಿಲ್ಲ. ಮಲಗಿದ್ದರೂ ಅದು ಬಂದು ಖಾತೆಯಲ್ಲಿ ಕೂರುತ್ತದೆ. ಕಾಕಾನಿಗೆ ತಪ್ಪು ಪಾಠ ಕಲಿಸಿದ್ದೂ ಇದೇ.

ರೈಟ್ಸ್: ಮೂರು ದಾರಿ, ಎರಡರಲ್ಲಿ ಕ್ಷೇಮ

ರೈಟ್ಸ್ ಇಶ್ಯೂ ಎಂದರೆ ಕಂಪನಿಗೆ ನಿಜವಾಗಿ ಹಣ ಬೇಕು. ಅದನ್ನು ಹೊರಗಿನವರಿಗಿಂತ ಮೊದಲು ಈಗಿರುವ ಷೇರುದಾರರ ಬಳಿಯೇ ಕೇಳುತ್ತದೆ. ಯಾರ ಬಳಿ ಎಷ್ಟು ಷೇರಿದೆಯೋ ಆ ಪ್ರಮಾಣದಲ್ಲಿ, ಸಾಮಾನ್ಯವಾಗಿ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ.

ಕಾಕಾನ ಕಂಪನಿ ನಾಲ್ಕಕ್ಕೆ ಒಂದು ಹೊಸ ಷೇರನ್ನು ₹200ಕ್ಕೆ ಕೊಡುತ್ತೇನೆ ಎಂದಿತ್ತು. ಆಗ ಮಾರುಕಟ್ಟೆ ಬೆಲೆ ₹300. ಕಾಕಾನ ಬಳಿ 400 ಷೇರು, ಅಂದರೆ ₹1,20,000. ಅವರಿಗೆ ಬಂದ ಹಕ್ಕು 100.

ರೈಟ್ಸ್ ನಂತರ ಷೇರಿನ ಬೆಲೆ ಎಷ್ಟಾಗಬೇಕು? ಹಳೆಯ ನಾಲ್ಕು ಷೇರಿಗೆ ₹300ರಂತೆ ₹1,200. ಅದಕ್ಕೆ ಹೊಸದೊಂದು ಷೇರಿನ ₹200 ಸೇರಿಸಿ ₹1,400. ಐದು ಷೇರಿಗೆ ಭಾಗಿಸಿದರೆ ₹280. ಕಂಪನಿಯ ಬಗ್ಗೆ ಬೇರೆ ಸುದ್ದಿ ಏನೂ ಇಲ್ಲದಿದ್ದರೆ ಬೆಲೆ ₹300ರಿಂದ ₹280ರ ಸುತ್ತ ಬರಬೇಕು. ₹280ರ ಷೇರನ್ನು ₹200ಕ್ಕೆ ಕೊಳ್ಳುವ ಹಕ್ಕಿಗೆ ₹80 ಬೆಲೆ.

ಈಗ ಕಾಕಾನ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು, ₹20,000 ಕಟ್ಟಿ ನೂರು ಷೇರು ಕೊಳ್ಳುವುದು. ಆಗ 500 ಷೇರು, ತಲಾ ₹280, ಒಟ್ಟು ₹1,40,000. ಕಟ್ಟಿದ ₹20,000 ಕಳೆದರೆ ಮೊದಲಿನ ₹1,20,000 ಹಾಗೆಯೇ ಇದೆ. ‘ನೂರು ರೂಪಾಯಿ ಅಗ್ಗಕ್ಕೆ ಸಿಕ್ಕಿತು’ ಎಂಬುದು ಲಾಭವಲ್ಲ, ಏಕೆಂದರೆ ಹಳೆಯ 400 ಷೇರಿನಲ್ಲಿ ತಲಾ ₹20 ಇಳಿದಿದೆ. ಹೊಸದರಲ್ಲಿ ಬಂದದ್ದು ಹಳೆಯದರಲ್ಲಿ ಹೋಗಿ ಸರಿಹೋಯಿತು.

ಎರಡನೆಯದು, ಕೈಯಲ್ಲಿ ಹಣವಿಲ್ಲದಿದ್ದರೆ ಹಕ್ಕನ್ನೇ ಮಾರುವುದು. 400 ಷೇರು ₹280ರಂತೆ ₹1,12,000. ಹಕ್ಕು ಮಾರಿ ಬಂದದ್ದು ₹8,000. ಒಟ್ಟು ಮತ್ತೆ ₹1,20,000. ಕಂಪನಿಯಲ್ಲಿ ಅವರ ಪಾಲು ಸ್ವಲ್ಪ ಸಣ್ಣದಾಗುತ್ತದೆ, ಸಂಪತ್ತು ಮಾತ್ರ ಕಡಿಮೆಯಾಗುವುದಿಲ್ಲ.

ಮೂರನೆಯದು ಸುಮ್ಮನಿರುವುದು. 400 ಷೇರು ₹280ರಂತೆ ₹1,12,000. ಅಲ್ಲಿಗೆ ಮುಗಿಯಿತು. ಕಾಕಾ ಹಿಡಿದದ್ದು ಈ ದಾರಿ.

ಬೋನಸ್ಸಿನಲ್ಲಿ ಸುಮ್ಮನಿದ್ದವರಿಗೆ ಏನೂ ಆಗುವುದಿಲ್ಲ, ರೈಟ್ಸಿನಲ್ಲಿ ಸುಮ್ಮನಿದ್ದವರು ದಂಡ ಕಟ್ಟುತ್ತಾರೆ. ಎರಡರ ನಡುವೆ ಸಾಮಾನ್ಯ ಷೇರುದಾರನಿಗೆ ಮುಖ್ಯವಾದ ವ್ಯತ್ಯಾಸ ಇದು. ಕೊಡುವ ಬೆಲೆ ಎಷ್ಟು ಅಗ್ಗವೋ ಆ ದಂಡ ಅಷ್ಟು ದೊಡ್ಡದು.

ರಿಲಯನ್ಸಿನ 2020ರ ಪಾಠ

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. ಕೋವಿಡ್ ಲಾಕ್‌ಡೌನ್ ನಡುವೆ ರಿಲಯನ್ಸ್ ಸುಮಾರು ₹53,124 ಕೋಟಿಯ ರೈಟ್ಸ್ ಇಶ್ಯೂ ತಂದಿತು. ಹದಿನೈದಕ್ಕೆ ಒಂದು, ಬೆಲೆ ₹1,257. ಘೋಷಣೆಯಾದ 2020ರ ಏಪ್ರಿಲ್ 30ರಂದು ಷೇರು ಸುಮಾರು ₹1,467 ಇತ್ತು. ಹದಿನೈದು ಹಳೆಯ ಷೇರು, ಒಂದು ಹೊಸದು ಸೇರಿಸಿ ಹದಿನಾರಕ್ಕೆ ಭಾಗಿಸಿದರೆ ಸುಮಾರು ₹1,454 ಬರುತ್ತದೆ. ಅಂದರೆ ಹಳೆಯ ಷೇರಿನ ಮೇಲೆ ಬೀಳುವ ಹೊಡೆತ ಸುಮಾರು ₹13, ಶೇಕಡಾ ಒಂದಕ್ಕೂ ಕಡಿಮೆ. ಹದಿನೈದಕ್ಕೆ ಒಂದೇ ಆದ್ದರಿಂದ ಬೆಲೆಯ ಪಟ್ಟಿಯಲ್ಲಿ ಈ ಇಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಒಂದು ಹಕ್ಕಿನ ಬೆಲೆ ಅದೇ ಲೆಕ್ಕದಲ್ಲಿ ಸುಮಾರು ₹197.

ಆ ವರ್ಷದ ಜನವರಿಯಲ್ಲಷ್ಟೇ ಸೆಬಿ ನಿಯಮ ಬದಲಿಸಿತ್ತು. ಅದಕ್ಕೆ ಮೊದಲು ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಡಲು ಅಂಚೆಯಲ್ಲಿ ಬಂದ ಅರ್ಜಿಯನ್ನು ತುಂಬಿ, ಬೇಕಾದರೆ ತುಂಡು ಮಾಡಿಸಿ, ಸಹಿ ಹಾಕಿ ಕಳಿಸಬೇಕಿತ್ತು. ನಮ್ಮ ಕಚೇರಿಗೆ ಅಂಥ ಅರ್ಜಿಗಳು ಮೂಟೆಗಟ್ಟಲೆ ಬರುತ್ತಿದ್ದವು, ಎಷ್ಟೋ ತಡವಾಗಿ ಬರುತ್ತಿದ್ದವು. ಹೊಸ ನಿಯಮದಲ್ಲಿ ಹಕ್ಕು ನೇರವಾಗಿ ಡಿಮ್ಯಾಟ್ ಖಾತೆಗೆ ಜಮಾ ಆಗುತ್ತದೆ, ಷೇರಿನ ಹಾಗೆಯೇ ವಿನಿಮಯ ಕೇಂದ್ರದಲ್ಲಿ ಮಾರಬಹುದು. ರಿಲಯನ್ಸಿನ ಹಕ್ಕುಗಳು ಮೇ 20ರಿಂದ 29ರವರೆಗೆ ವಹಿವಾಟಾದವು. ಮೊದಲ ದಿನವೇ ಬೆಲೆ ₹200ರ ಆಸುಪಾಸು ಮುಟ್ಟಿತು. ಹಣ ಕಟ್ಟುವ ಮನಸ್ಸಿಲ್ಲದವನಿಗೂ ಹಕ್ಕಿನ ಬೆಲೆ ಕೈಗೆ ಬರುವ ದಾರಿ ತೆರೆದಿತ್ತು.

ಅಲ್ಲಿ ಇನ್ನೊಂದು ವಿಶೇಷವೂ ಇತ್ತು. ₹1,257ರಲ್ಲಿ ಅರ್ಜಿಯ ಜೊತೆ ಕಟ್ಟಬೇಕಾದದ್ದು ಕಾಲು ಭಾಗ, ₹314.25. ಉಳಿದದ್ದನ್ನು 2021ರ ಮೇ ಮತ್ತು ನವೆಂಬರ್ ತಿಂಗಳಲ್ಲಿ ಎರಡು ಕಂತಾಗಿ ಕೇಳಲಾಯಿತು. ಇಂಥ ಇಶ್ಯೂಗಳಲ್ಲಿ ಅರ್ಜಿ ಹಾಕಿದರೆ ಕೆಲಸ ಮುಗಿಯುವುದಿಲ್ಲ. ಮುಂದಿನ ಕಂತಿನ ತಾರೀಖನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಕಂತು ಕಟ್ಟದಿದ್ದರೆ ಮೊದಲು ಕಟ್ಟಿದ್ದನ್ನೂ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕಂಪನಿಗಿರುತ್ತದೆ.

ಎಲ್ಲಿ ಎಡವುತ್ತಾರೆ

ಹೊಸ ವ್ಯವಸ್ಥೆ ಒಳ್ಳೆಯದೇ. ಆದರೆ ಅದು ಹೊಸ ಗೊಂದಲವನ್ನೂ ತಂದಿತು. ಕಾಕಾ ಬಿದ್ದದ್ದು ಅದರಲ್ಲೇ. ಹಕ್ಕು ಷೇರಿನ ವೇಷದಲ್ಲಿ ಬಂದು ಖಾತೆಯಲ್ಲಿ ಕೂರುತ್ತದೆ. ಕಂಪನಿಯ ಹೆಸರೂ ಅದೇ, ಸಂಖ್ಯೆಯೂ ಇದೆ, ಪಕ್ಕದಲ್ಲಿ ಒಂದು ಬೆಲೆಯೂ ಇದೆ. ಗುರುತು ಹಿಡಿಯುವುದು ಹೀಗೆ: ವಹಿವಾಟಿನ ಪರದೆಯಲ್ಲಿ ಹೆಸರಿನ ಕೊನೆಗೆ -RE ಎಂದಿದ್ದರೆ ಅದು ಹಕ್ಕು, ಷೇರಲ್ಲ. ಹಳೆಯ ಷೇರಿನ ಸಾಲಿನಲ್ಲಿ ಸೇರಿಕೊಳ್ಳದೆ ಬೇರೆ ಸಾಲಾಗಿ ನಿಂತಿದ್ದರೂ ಅನುಮಾನ ಪಡಬೇಕು.

ಎರಡನೆಯ ಎಡವು ತಾರೀಖಿನದು. ಹಕ್ಕಿನ ವಹಿವಾಟು ಇಶ್ಯೂ ಮುಗಿಯುವುದಕ್ಕೆ ಕೆಲವು ದಿನ ಮೊದಲೇ ನಿಲ್ಲುತ್ತದೆ. ರಿಲಯನ್ಸಿನಲ್ಲಿ ಅರ್ಜಿಗೆ ಜೂನ್ 3 ಕೊನೆಯ ದಿನ, ಹಕ್ಕು ಮಾರಲು ಮೇ 29ಕ್ಕೇ ಕೊನೆ. ‘ಇನ್ನೂ ಟೈಮ್ ಐತಿ’ ಎಂದು ಕುಳಿತವನಿಗೆ ಆಮೇಲೆ ಉಳಿಯುವುದು ಹಣ ಕಟ್ಟುವ ದಾರಿ ಒಂದೇ. ಈಗಂತೂ ಇಡೀ ಪ್ರಕ್ರಿಯೆ ಚುರುಕಾಗಿದೆ. 2025ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಆಡಳಿತ ಮಂಡಳಿ ಒಪ್ಪಿದ 23 ಕೆಲಸದ ದಿನಗಳಲ್ಲಿ ಎಲ್ಲ ಮುಗಿಯಬೇಕು, ಅರ್ಜಿಯ ಅವಧಿ ಏಳು ದಿನವೂ ಇರಬಹುದು. ಕಂಪನಿಗೆ ಹಣ ಬೇಗ ಸಿಗುತ್ತದೆ ನಿಜ. ಮೊಮ್ಮಗನ ಮದುವೆಗೆಂದು ವಾರ ಊರು ಬಿಟ್ಟ ಷೇರುದಾರನಿಗೆ ಆ ಏಳು ದಿನ ಏನೇನೂ ಸಾಲದು.

ಮೂರನೆಯದು ಇನ್ನೂ ವಿಚಿತ್ರ. ಷೇರು ಅಗ್ಗಕ್ಕೆ ಸಿಗುತ್ತಿದೆ ಎಂದು ಮಾರುಕಟ್ಟೆಯಲ್ಲಿ ಹಕ್ಕನ್ನು ಕೊಂಡು, ಅರ್ಜಿ ಹಾಕದೆ ಬಿಡುವವರಿದ್ದಾರೆ. ಅವರು ಕೊಂಡದ್ದು ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಲ್ಲುವ ಜಾಗ, ಟಿಕೆಟ್ ಅಲ್ಲ. ಅರ್ಜಿ ಹಾಕಿ, ಬ್ಯಾಂಕಿನ ಆಸ್ಬಾ ಮೂಲಕ ಇಶ್ಯೂ ಬೆಲೆಯನ್ನು ಕಟ್ಟದಿದ್ದರೆ ಹಕ್ಕಿಗೆ ಕೊಟ್ಟ ಅಷ್ಟೂ ಹಣ ಹೋಗುತ್ತದೆ.

ನಾಲ್ಕನೆಯದು ಹಳೆಯ ಕಾಗದದ ಷೇರು ಇಟ್ಟುಕೊಂಡವರದ್ದು. ನಮ್ಮ ಕಡೆ ಅಜ್ಜನ ಟ್ರಂಕಿನಲ್ಲಿ ಇಂಥವು ಈಗಲೂ ಸಿಗುತ್ತವೆ. ಅವರ ಪಾಲಿನ ಹಕ್ಕನ್ನು ಒಂದು ತಾತ್ಕಾಲಿಕ ಖಾತೆಯಲ್ಲಿ ಇಡುತ್ತಾರೆ. ಇಶ್ಯೂ ಮುಗಿಯುವ ಮೊದಲು ಡಿಮ್ಯಾಟ್ ವಿವರ ಕೊಡದಿದ್ದರೆ ಅದು ಅಲ್ಲೇ ಸಾಯುತ್ತದೆ.

ಅಗ್ಗ ಎಂದರೆ ಒಳ್ಳೆಯದೇ?

ಇಷ್ಟು ಹೇಳಿದ ಮೇಲೆ ರೈಟ್ಸ್ ಬಂದಾಗಲೆಲ್ಲ ಹಣ ಕಟ್ಟಿಬಿಡಬೇಕು ಎಂದು ಅರ್ಥವಲ್ಲ. ಮೇಲಿನ ಲೆಕ್ಕದಲ್ಲಿ ಹೊಸದಾಗಿ ಬಂದ ಒಂದು ರೂಪಾಯಿ ಕಂಪನಿಯೊಳಗೂ ಒಂದು ರೂಪಾಯಿಯಾಗಿಯೇ ಉಳಿಯುತ್ತದೆ ಎಂದು ಹಿಡಿದಿದ್ದೇವೆ. ಅದು ಉಳಿಯುತ್ತದೆಯೇ ಎಂಬುದು ಕಂಪನಿ ಆ ಹಣದಿಂದ ಏನು ಮಾಡುತ್ತದೆ, ಅದರ ಹೆಗಲ ಮೇಲೆ ಬೇರೆ ಯಾವ ಭಾರವಿದೆ ಎಂಬುದರ ಮೇಲೆ ನಿಂತಿದೆ.

ವೊಡಾಫೋನ್ ಐಡಿಯಾ 2019ರ ಏಪ್ರಿಲ್‌ನಲ್ಲಿ ₹25,000 ಕೋಟಿಯ ರೈಟ್ಸ್ ಇಶ್ಯೂ ಮಾಡಿತು. 38 ಷೇರಿಗೆ 87 ಹೊಸ ಷೇರು, ತಲಾ ₹12.50. ಆಗಿನ ಮಾರುಕಟ್ಟೆ ಬೆಲೆಗೆ ಹೋಲಿಸಿದರೆ ತುಂಬ ಅಗ್ಗ. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಲಿಕಾಂ ಕಂಪನಿಗಳು ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂದು, ನವೆಂಬರ್ ಹೊತ್ತಿಗೆ ಷೇರು ₹5ಕ್ಕಿಂತ ಕೆಳಗೆ ಇಳಿದಿತ್ತು. ಅಗ್ಗಕ್ಕೆ ಕೊಂಡವರು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡರು. ರಿಲಯನ್ಸ್ ಮಾತ್ರ ಸಾಲ ತೀರಿಸುವ ದೊಡ್ಡ ಯೋಜನೆಯ ಭಾಗವಾಗಿ ರೈಟ್ಸ್ ತಂದಿತ್ತು, ಇಶ್ಯೂ ಮುಗಿದ ಜೂನ್‌ನಲ್ಲೇ ನಿವ್ವಳ ಸಾಲ ಮುಕ್ತವಾದೆ ಎಂದು ಘೋಷಿಸಿತು.

ಆದ್ದರಿಂದ ರೈಟ್ಸ್ ಪತ್ರ ಬಂದಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಅಗ್ಗ?’ ಎಂಬುದಲ್ಲ. ‘ಈ ಕಂಪನಿಗೆ ಇನ್ನಷ್ಟು ಹಣ ಕೊಡಲು ನನಗೆ ಮನಸ್ಸಿದೆಯೇ?’ ಎಂಬುದು. ಇದ್ದರೆ ಕಟ್ಟಿ, ಇಲ್ಲದಿದ್ದರೆ ಹಕ್ಕನ್ನು ಮಾರಿ. ಕಂಪನಿಯ ಮೇಲೆ ನಂಬಿಕೆ ಇಲ್ಲದವನೇ ಹಕ್ಕನ್ನು ಮೊದಲು ಮಾರಬೇಕಾದವನು. ಅವನೇ ಬೇಸರಪಟ್ಟು ಪತ್ರವನ್ನು ಪಕ್ಕಕ್ಕಿಡುತ್ತಾನೆ.

ಆ ಎಂಟು ಸಾವಿರ ಎಲ್ಲಿಗೆ ಹೋಯಿತು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕಾಕಾನ ಹಕ್ಕು ಸತ್ತಿತು, ಆದರೆ ಆ ನೂರು ಷೇರು ಹುಟ್ಟದೆ ಉಳಿಯಲಿಲ್ಲ. ರೈಟ್ಸ್ ಇಶ್ಯೂದಲ್ಲಿ ನಮ್ಮ ಪಾಲಿಗಿಂತ ಹೆಚ್ಚು ಷೇರು ಬೇಕು ಎಂದೂ ಅರ್ಜಿ ಹಾಕಬಹುದು. ಯಾರೂ ಮುಟ್ಟದೆ ಉಳಿದ ಷೇರುಗಳನ್ನು ಆಡಳಿತ ಮಂಡಳಿ ಅಂಥವರಿಗೆ ಹಂಚುತ್ತದೆ. ಯಾವ ಬೆಲೆಗೆ? ಅದೇ ₹200ಕ್ಕೆ. ಹೀಗೆ ಕಾಕಾನ ನೂರು ಷೇರನ್ನು ಇನ್ನಾರೋ ₹20,000 ಕೊಟ್ಟು ಪಡೆದರು, ಅದರ ಬೆಲೆ ಆಗ ₹28,000. ನಡುವಿನ ₹8,000 ಗದಗದ ಒಬ್ಬ ನಿವೃತ್ತ ಮಾಸ್ತರರ ಮನೆಯಿಂದ ಹೊರಟು, ಜಾಗೃತನಾಗಿದ್ದ ಇನ್ನೊಬ್ಬ ಷೇರುದಾರನ ಮನೆ ಸೇರಿತು. ಕಂಪನಿಗೂ ಸಿಗಲಿಲ್ಲ, ಸರ್ಕಾರಕ್ಕೂ ಸಿಗಲಿಲ್ಲ.

ಇದರಲ್ಲಿ ಕಾನೂನು ಮುರಿದವರು ಯಾರೂ ಇಲ್ಲ. ಪಡೆದವನು ಕಳ್ಳನಲ್ಲ, ಅರ್ಜಿ ಹಾಕಿದವನು. ಆದರೆ ಪ್ರತಿ ಇಶ್ಯೂ ಮುಗಿದ ಮೇಲೆ ಅರ್ಜಿ ಹಾಕದವರ ಪಟ್ಟಿ ನನ್ನ ಮೇಜಿಗೆ ಬರುತ್ತದೆ. ಅದರಲ್ಲಿ ಐವತ್ತು, ನೂರು ಷೇರು ಇಟ್ಟುಕೊಂಡವರೇ ಸಾಲುಸಾಲು. ವಿಳಾಸಗಳಲ್ಲಿ ಊರಿನ ಪಿನ್‌ಕೋಡ್‌ಗಳು, ಖಾತೆಗೆ ಜೋಡಿಸಿದ ಹಳೆಯ ಮೊಬೈಲ್ ಸಂಖ್ಯೆಗಳು, ಮಗನ ಇಮೇಲ್‌ಗಳು. ಮಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾನೆ. ಕಂಪನಿ ಕಳಿಸಿದ ಇಂಗ್ಲಿಷಿನ ದೀರ್ಘ ಪತ್ರ ಅವನ ಪೆಟ್ಟಿಗೆಯಲ್ಲಿ ತೆರೆಯದೆ ಬಿದ್ದಿರುತ್ತದೆ. ತಂದೆಯ ಹೆಸರಿನ ಪತ್ರವನ್ನು ತೆರೆಯದ ಆ ಮಗನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ನಾನೂ ಕಾಕಾನ ಫೋನನ್ನು ಅರ್ಧಕ್ಕೇ ಇಟ್ಟವನು.

ಈ ನಷ್ಟ ತಪ್ಪಿಸಬಹುದಾದದ್ದು. ಬ್ರಿಟನ್ನಿನ ರೈಟ್ಸ್ ಇಶ್ಯೂಗಳಲ್ಲಿ ಒಂದು ರೂಢಿಯಿದೆ. ಯಾರೂ ಬಳಸದೆ ಉಳಿದ ಹಕ್ಕಿನ ಷೇರುಗಳನ್ನು ಕೊನೆಯಲ್ಲಿ ಒಟ್ಟಾಗಿ ಮಾರುಕಟ್ಟೆಯ ಬೆಲೆಗೆ ಮಾರುತ್ತಾರೆ. ಇಶ್ಯೂ ಬೆಲೆ ಮತ್ತು ಖರ್ಚು ಕಳೆದು ಉಳಿದ ಹಣವನ್ನು ಸುಮ್ಮನಿದ್ದ ಷೇರುದಾರರಿಗೇ ಕಳಿಸುತ್ತಾರೆ. ತೀರ ಸಣ್ಣ ಮೊತ್ತವಾದರೆ ಮಾತ್ರ ಕಳಿಸುವುದಿಲ್ಲ. ಮಲಗಿದವನಿಗೆ ಹೊಸ ಷೇರು ಸಿಗುವುದಿಲ್ಲ, ಆದರೆ ಅವನ ಹಕ್ಕಿನ ಬೆಲೆ ಸಿಗುತ್ತದೆ. ನಮ್ಮಲ್ಲಿ ಹಕ್ಕು ಈಗಾಗಲೇ ಡಿಮ್ಯಾಟ್ ರೂಪದಲ್ಲಿದೆ, ವಿನಿಮಯ ಕೇಂದ್ರದಲ್ಲಿ ಬೆಲೆಯೂ ನಿಗದಿಯಾಗುತ್ತದೆ, ಲಾಭಾಂಶ ಜಮಾ ಮಾಡಲು ಪ್ರತಿಯೊಬ್ಬರ ಬ್ಯಾಂಕ್ ಖಾತೆಯೂ ನಮ್ಮ ಪಟ್ಟಿಯಲ್ಲಿದೆ. ಮುಟ್ಟದೆ ಉಳಿದ ಹಕ್ಕುಗಳನ್ನು ವಹಿವಾಟಿನ ಕೊನೆಯ ದಿನ ಒಟ್ಟಾಗಿ ಹರಾಜು ಹಾಕಿ, ಬಂದದ್ದನ್ನು ಅವರ ಖಾತೆಗೆ ಹಾಕಲು ಸೆಬಿ ನಿಯಮ ಮಾಡಬೇಕು.

ವಿರೋಧವೂ ಬರುತ್ತದೆ. ‘ಹಕ್ಕು ಮಾರಲು ಅವಕಾಶ ಕೊಟ್ಟಿದ್ದೇವೆ, ಬಳಸದಿದ್ದರೆ ಅವರ ತಪ್ಪು’ ಎನ್ನುವವರಿದ್ದಾರೆ. ಬೋನಸ್ಸನ್ನು ಕೇಳದೆಯೇ ಖಾತೆಗೆ ಹಾಕುತ್ತೇವೆ, ಲಾಭಾಂಶವನ್ನು ಕೇಳದೆಯೇ ಬ್ಯಾಂಕಿಗೆ ಹಾಕುತ್ತೇವೆ. ಷೇರುದಾರನ ಆಸ್ತಿಯಾದ ಹಕ್ಕನ್ನು ಮಾತ್ರ ಕೇಳಿ ಪಡೆಯಬೇಕೆಂದರೆ ಅದು ನ್ಯಾಯವಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೊನೆಯ ದಿನ ಅಷ್ಟೊಂದು ಹಕ್ಕು ಒಟ್ಟಿಗೆ ಮಾರಾಟಕ್ಕೆ ಬಂದರೆ ಬೆಲೆ ಕುಸಿಯಬಹುದು. ಕುಸಿಯಬಹುದು, ನಿಜ. ₹80ರ ಜಾಗದಲ್ಲಿ ₹60 ಸಿಗಬಹುದು. ಆದರೂ ಅದು ಸೊನ್ನೆಗಿಂತ ಹೆಚ್ಚು. ಮಾರುಕಟ್ಟೆ ಬೆಲೆ ಇಶ್ಯೂ ಬೆಲೆಗಿಂತ ಕೆಳಗಿಳಿದಿದ್ದರೆ ಹಕ್ಕಿಗೆ ಬೆಲೆಯೇ ಇರುವುದಿಲ್ಲ. ಆಗ ಕೊಡುವುದೂ ಏನೂ ಇಲ್ಲ, ಕಳೆದುಕೊಳ್ಳುವುದೂ ಏನೂ ಇಲ್ಲ.

ನಿಯಮ ಬರುವವರೆಗೆ ಒಂದು ಸಣ್ಣ ಕೆಲಸವನ್ನಾದರೂ ಕಂಪನಿಗಳು ಮಾಡಬಹುದು. ಷೇರುದಾರನಿಗೆ ಕಳಿಸುವ ಸಂದೇಶದಲ್ಲಿ, ಅವನ ಭಾಷೆಯಲ್ಲಿ, ಮೂರು ಸಾಲು ಬರೆಯಲಿ: ನಿಮಗೆ ಬಂದದ್ದು ಷೇರಲ್ಲ, ಹಕ್ಕು. ಇಂದಿನ ಬೆಲೆಯಲ್ಲಿ ಅದು ಇಷ್ಟು ರೂಪಾಯಿ. ಇಂಥ ದಿನದೊಳಗೆ ಕಟ್ಟದಿದ್ದರೆ ಅಥವಾ ಮಾರದಿದ್ದರೆ ಆ ಹಣ ಹೋಗುತ್ತದೆ. ಕಾಕಾ ಮೂವತ್ತು ವರ್ಷ ಗಣಿತ ಕಲಿಸಿದವರು. ಈ ಮೂರು ಸಾಲು ಸಿಕ್ಕಿದ್ದರೆ ಉಳಿದ ಲೆಕ್ಕವನ್ನು ಅವರೇ ಮಾಡಿಕೊಳ್ಳುತ್ತಿದ್ದರು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಗದದ ಮೇಲೆ ಈ ಲೆಕ್ಕವನ್ನೆಲ್ಲ ಬಿಡಿಸಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: ‘ಅಂದ್ರ ಬೋನಸ್ ಬಂದಾಗ ನಾ ಅತ್ತೆ, ಹೋಗಿದ್ದು ಏನೂ ಇರಲಿಲ್ಲ. ರೈಟ್ಸ್ ಬಂದಾಗ ನಕ್ಕೆ, ಎಂಟು ಸಾವಿರ ಹೋತು. ಹೌದಲ್ಲೋ?’

ಹೌದು ಕಾಕಾ ಎಂದೆ. ಈಗ ಅವರ ಡಿಮ್ಯಾಟ್ ಖಾತೆಗೆ ನನ್ನ ಮೊಬೈಲ್ ಅಲ್ಲ, ಅವರದ್ದೇ ಸಂಖ್ಯೆ ಜೋಡಿಸಿದ್ದೇವೆ. ಸಂದೇಶ ಬಂದರೆ ಅವರು ಫೋನ್ ಮಾಡುತ್ತಾರೆ. ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ.